ಹತ್ತು ಕಾಲಂಗಳು ತಾಳೆಯಾದ ಮೇಲೂ ನೋಡಬೇಕಾದದ್ದು

ವರ್ಷಾಂತ್ಯದ ತಾಳೆ ಪಟ್ಟಿಯಿಂದ ನೇರವಾಗಿ ಅಂತಿಮ ಲೆಕ್ಕಪತ್ರಕ್ಕೆ ಜಿಗಿಯುವವರಿಗೆ ನಾನು ಮೊದಲು ಹತ್ತು ಕಾಲಂಗಳ ವರ್ಕ್‌ಶೀಟ್ ಹಾಕಿಸುತ್ತೇನೆ. ತಾಳೆ ಪಟ್ಟಿ, ಹೊಂದಾಣಿಕೆ, ಹೊಂದಾಣಿಕೆಯ ನಂತರದ ತಾಳೆ ಪಟ್ಟಿ, ಲಾಭ-ನಷ್ಟ, ಬ್ಯಾಲೆನ್ಸ್ ಶೀಟ್ ಎಂಬ ಐದು ಜೋಡಿಗಳು. ಪ್ರತಿ ಜೋಡಿಗೂ ಡೆಬಿಟ್ ಮತ್ತು ಕ್ರೆಡಿಟ್.

ಒಂದು ಸಣ್ಣ ಮುದ್ರಣಾಲಯ ಎಂದುಕೊಳ್ಳಿ. ಮಾರ್ಚ್ 31ರ ತಾಳೆ ಪಟ್ಟಿಯ ಡೆಬಿಟ್ ಕಡೆ ಯಂತ್ರ 3,00,000, ಗ್ರಾಹಕರಿಂದ ಬರಬೇಕಾದದ್ದು 60,000, ಬ್ಯಾಂಕ್ 40,000, ವಿಮೆ 24,000, ಸಂಬಳ 1,76,000 ರೂಪಾಯಿ. ಕ್ರೆಡಿಟ್ ಕಡೆ ಬಂಡವಾಳ 2,50,000, ಮುದ್ರಣದ ಆದಾಯ 3,50,000. ಎರಡೂ ಕಡೆ 6,00,000.

ಹೊಂದಾಣಿಕೆಗಳು ಮೂರು. ಸಂಬಳ ತಿಂಗಳಿಗೆ 16,000. ಮಾರ್ಚ್ ತಿಂಗಳದ್ದು ಇನ್ನೂ ಕೊಟ್ಟಿಲ್ಲ. ವಿಮೆಯನ್ನು ಅಕ್ಟೋಬರ್ 1ರಿಂದ ಒಂದು ವರ್ಷಕ್ಕೆ ಕಟ್ಟಿದ್ದರಿಂದ 12,000 ಮುಂಗಡವಾಗಿ ಉಳಿದಿದೆ. ಯಂತ್ರದ ಸವಕಳಿ ಶೇ. 10, ಅಂದರೆ 30,000. ಅದನ್ನು ಯಂತ್ರದ ಖಾತೆಯಿಂದ ಕಳೆಯದೆ ಸಂಚಿತ ಸವಕಳಿ ಎಂದು ಬೇರೆ ಸಾಲಿನಲ್ಲಿ ಕ್ರೆಡಿಟ್ ಮಾಡುತ್ತೇವೆ. ಮೂರನೆಯ ಜೋಡಿಯ ಮೊತ್ತ 6,46,000 ಆಗುತ್ತದೆ. ಸಂಬಳ ಮತ್ತು ಸವಕಳಿಯಿಂದ ಮೊತ್ತ ಏರಿತು. ವಿಮೆಯ 12,000 ಒಂದು ಡೆಬಿಟ್ ಸಾಲಿನಿಂದ ಇನ್ನೊಂದಕ್ಕೆ ಸರಿದಿದೆಯಷ್ಟೆ.

ಲಾಭ-ನಷ್ಟದ ಡೆಬಿಟ್‌ಗೆ ಸಂಬಳ 1,92,000, ವಿಮೆ 12,000, ಸವಕಳಿ 30,000, ಒಟ್ಟು 2,34,000 ಹೋಗುತ್ತದೆ. ಆದಾಯದಿಂದ ಕಳೆದರೆ ಲಾಭ 1,16,000. ಬ್ಯಾಲೆನ್ಸ್ ಶೀಟ್ ಜೋಡಿಯಲ್ಲಿ ಡೆಬಿಟ್ 4,12,000, ಕ್ರೆಡಿಟ್ 2,96,000. ವ್ಯತ್ಯಾಸ ಅದೇ 1,16,000. ಇಲ್ಲಿಗೆ ಬಂದೊಡನೆ ಎಲ್ಲರೂ ಪೆನ್ನು ಕೆಳಗಿಡುತ್ತಾರೆ. ನನ್ನ ತಕರಾರು ಶುರುವಾಗುವುದೇ ಇಲ್ಲಿ.

ಮುಂಗಡ ವಿಮೆಯ 12,000ವನ್ನು ಯಾರೋ ಬ್ಯಾಲೆನ್ಸ್ ಶೀಟಿನ ಬದಲು ಲಾಭ-ನಷ್ಟದ ಡೆಬಿಟ್‌ಗೆ ಒಯ್ದರು ಎನ್ನಿ. ಲಾಭ 1,04,000ಕ್ಕೆ ಇಳಿಯುತ್ತದೆ. ಆಸ್ತಿಯ ಕಡೆಯೂ 12,000 ಕಡಿಮೆಯಾಗಿ ಬ್ಯಾಲೆನ್ಸ್ ಶೀಟಿನ ವ್ಯತ್ಯಾಸವೂ 1,04,000 ಎಂದೇ ಬರುತ್ತದೆ. ಹಾಳೆ ತಪ್ಪನ್ನು ಹೇಳುವುದೇ ಇಲ್ಲ. ಡೆಬಿಟ್ ಡೆಬಿಟ್‌ನಲ್ಲೇ ಇರುವವರೆಗೆ ಅದು ಯಾವ ಜೋಡಿಗೆ ಹೋದರೂ ಮೊತ್ತಗಳು ಹೊಂದುತ್ತವೆ. ಆದ್ದರಿಂದ ಕೊನೆಯ ನಾಲ್ಕು ಕಾಲಂಗಳನ್ನು ಕೂಡುವ ಮೊದಲು ಪ್ರತಿ ಸಾಲಿನ ಹೆಸರನ್ನು ಓದಿ, ‘ಇದು ಏಪ್ರಿಲ್ 1ಕ್ಕೂ ಉಳಿಯುತ್ತದೆಯೇ?’ ಎಂದು ಕೇಳಿಕೊಳ್ಳಬೇಕು. ಉಳಿಯುವುದಾದರೆ ಅದರ ಜಾಗ ಬ್ಯಾಲೆನ್ಸ್ ಶೀಟು.

ಕಡೆಯೇ ಬದಲಾದರೆ ಮಾತ್ರ ಹಾಳೆ ಕೂಗುತ್ತದೆ. ಬಾಕಿ ಸಂಬಳದ 16,000ವನ್ನು ಬ್ಯಾಲೆನ್ಸ್ ಶೀಟಿನ ಡೆಬಿಟ್‌ನಲ್ಲಿ ಬರೆದರೆ ಅಲ್ಲಿನ ವ್ಯತ್ಯಾಸ 1,48,000. ಲಾಭಕ್ಕಿಂತ 32,000 ಹೆಚ್ಚು. ಅದರ ಅರ್ಧ ಮಾಡಿ, ಆ ಮೊತ್ತದ ಸಾಲನ್ನು ಮೊದಲು ಹುಡುಕಿ.

ಇನ್ನೊಂದು ಮಾತು. ವರ್ಕ್‌ಶೀಟ್ ಲೆಕ್ಕದ ಪುಸ್ತಕವಲ್ಲ. ಹಾಳೆಯಲ್ಲಿ ಸರಿಪಡಿಸಿದ ಹೊಂದಾಣಿಕೆಗಳನ್ನು ಜರ್ನಲ್‌ನಲ್ಲಿ ಬರೆದು ಖಾತೆಗಳಿಗೆ ಏರಿಸದಿದ್ದರೆ, ಏಪ್ರಿಲ್‌ನಲ್ಲಿ ಕೊಡುವ ಮಾರ್ಚ್ ಸಂಬಳಕ್ಕೆ ಪುಸ್ತಕದಲ್ಲಿ ಬಾಕಿ ಖಾತೆಯೇ ಇರುವುದಿಲ್ಲ. ಗುಮಾಸ್ತ ಅದನ್ನು ಹೊಸ ವರ್ಷದ ಸಂಬಳಕ್ಕೇ ಹಾಕುತ್ತಾನೆ, ಅದೇ 16,000 ಎರಡು ವರ್ಷಗಳ ಲಾಭವನ್ನು ತಿನ್ನುತ್ತದೆ.