ಬ್ಲಾಕ್ ತೆಗೆದರೂ ಬಾರದ ಸಂದೇಶಗಳು

ಜಯನಗರದಲ್ಲಿ ಬಾಡಿಗೆ ಮನೆ ಹುಡುಕುತ್ತಿರುವ ಒಬ್ಬರು ಬ್ರೋಕರ್ ಕಾಟ ತಾಳಲಾಗದೆ ಸೋಮವಾರ ವಾಟ್ಸಾಪ್‌ನಲ್ಲಿ ಅವರನ್ನು ಬ್ಲಾಕ್ ಮಾಡುತ್ತಾರೆ ಎನ್ನಿ. ಮಂಗಳವಾರ ಬ್ರೋಕರ್ ಕರಾರುಪತ್ರದ ಪಿಡಿಎಫ್ ಕಳಿಸುತ್ತಾರೆ. ಗುರುವಾರ ಬ್ಲಾಕ್ ತೆಗೆದಾಗ ಏನೆಲ್ಲ ಸಿಗುತ್ತದೆ?

ಭಾನುವಾರದವರೆಗಿನ ಮಾತುಕತೆಯೆಲ್ಲ ಇದ್ದ ಹಾಗೇ ಇರುತ್ತದೆ. ಆ ಸಂದೇಶಗಳು ಆಗಲೇ ಫೋನಿಗೆ ಬಂದು ಸೇರಿವೆ, ಬ್ಲಾಕ್ ಅವನ್ನು ಮುಟ್ಟುವುದಿಲ್ಲ. ಬ್ಲಾಕ್ ಆಗಿದ್ದಾಗಲೂ ಹಳೆಯ ಚಾಟ್ ತೆರೆದು ಓದಬಹುದು, ಅದರಲ್ಲಿ ಹುಡುಕಬಹುದು. ಎಚ್ಚರ ಬೇಕಾದದ್ದು ಬ್ಲಾಕ್ ಮಾಡುವ ಕ್ಷಣದಲ್ಲಿ: ಜೊತೆಗೆ ರಿಪೋರ್ಟ್ ಮಾಡುವ, ಚಾಟ್ ಅಳಿಸುವ ಆಯ್ಕೆಯೂ ಕಾಣಿಸಿಕೊಳ್ಳಬಹುದು. ಓದದೆ ಒತ್ತಿದರೆ ಮುಂಗಡದ ಲೆಕ್ಕವಿದ್ದ ಚಾಟ್ ಹೋದೀತು. ಹಾಗೆ ಹೋದರೆ ಅದು ಬ್ಲಾಕ್‌ನ ಪರಿಣಾಮವಲ್ಲ, ಅಳಿಸಿದ್ದರ ಪರಿಣಾಮ.

ಮಂಗಳವಾರದ ಪಿಡಿಎಫ್ ಮಾತ್ರ ಬರುವುದಿಲ್ಲ, ಎಷ್ಟು ದಿನ ಕಾದರೂ ಬರುವುದಿಲ್ಲ. ಫೋನ್ ಸ್ವಿಚ್ ಆಫ್ ಆಗಿದ್ದರೆ ಕಥೆ ಬೇರೆ ಇತ್ತು. ಆಗ ತಲುಪದ ಸಂದೇಶವನ್ನು ವಾಟ್ಸಾಪ್ ಸರ್ವರ್ ಗೂಢಲಿಪಿಯಲ್ಲೇ 30 ದಿನದವರೆಗೆ ಇಟ್ಟುಕೊಂಡು, ಫೋನ್ ನೆಟ್‌ವರ್ಕ್‌ಗೆ ಬಂದೊಡನೆ ತಲುಪಿಸುತ್ತದೆ. ಬ್ಲಾಕ್ ಆದವರ ಸಂದೇಶಕ್ಕೆ ಈ ಕಾಯುವ ಅವಕಾಶ ಇಲ್ಲ. ಕಳಿಸಿದವರಿಗೆ ಎರಡೂ ಸಂದರ್ಭದಲ್ಲಿ ಒಂದೇ ಟಿಕ್ ಕಾಣುವುದರಿಂದಲೇ ಗೊಂದಲ. ಅವರು ‘ಕಳಿಸಿದ್ದೀನಿ, ನೋಡಿ’ ಅನ್ನುತ್ತಾರೆ, ಇವರು ‘ಬಂದೇ ಇಲ್ಲ’ ಅನ್ನುತ್ತಾರೆ, ಇಬ್ಬರ ಮಾತೂ ನಿಜ.

ಬ್ಯಾಕಪ್ ಹಾಕಿ ವಾಪಸ್ ತರೋಣ ಎಂದು ಆ್ಯಪ್ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡುವವರೂ ಇದ್ದಾರೆ. ದಯವಿಟ್ಟು ಆ ಕೆಲಸಕ್ಕೆ ಕೈ ಹಾಕಬೇಡಿ. ಬ್ಯಾಕಪ್‌ನಲ್ಲಿರುವುದು ಫೋನಿಗೆ ಬಂದ ಸಂದೇಶಗಳು ಮಾತ್ರ. ಬಾರದೇ ಇದ್ದದ್ದು ಅಲ್ಲಿ ಸಿಗುವುದಿಲ್ಲ, ಬ್ಯಾಕಪ್ ಹಳೆಯದಾಗಿದ್ದರೆ ಆನಂತರದ ಒಳ್ಳೆಯ ಸಂದೇಶಗಳೂ ಕಳೆದುಹೋಗುತ್ತವೆ.

ಸರಿಯಾದ ದಾರಿ ಸಣ್ಣದು. Settings, Privacy, Blocked contacts ಎಂದು ಒಳಗೆ ಹೋಗಿ ಆ ಹೆಸರನ್ನು ಒತ್ತಿ ಬ್ಲಾಕ್ ತೆಗೆಯಿರಿ. ಆಮೇಲೆ ಹೊಸದೊಂದು ಸಂದೇಶ ಹಾಕಲು ಬ್ರೋಕರ್‌ಗೆ ಹೇಳಿ. ಅದಕ್ಕೆ ಎರಡು ಟಿಕ್ ಬಿದ್ದು, ಮಂಗಳವಾರದ್ದಕ್ಕೆ ಒಂದೇ ಉಳಿದಿದ್ದರೆ ನಡುವೆ ತಪ್ಪಿಹೋದದ್ದು ಯಾವುದೆಂದು ಅವರ ಪರದೆಯಲ್ಲೇ ಗೊತ್ತಾಗುತ್ತದೆ. ಆ ಪಿಡಿಎಫ್ ಅವರ ಚಾಟ್‌ನಲ್ಲಿ ಹಾಗೇ ಇರುತ್ತದೆ, ಒತ್ತಿ ಹಿಡಿದು ಇದೇ ನಂಬರಿಗೆ ಫಾರ್ವರ್ಡ್ ಮಾಡಿದರೆ ಹೊಸ ಸಂದೇಶವಾಗಿ ತಲುಪುತ್ತದೆ. ಇಬ್ಬರೂ ಇರುವ ಗ್ರೂಪಿನಲ್ಲಿ ಅದನ್ನು ಹಾಕಿದ್ದರಂತೂ ಹುಡುಕುವ ಕಷ್ಟವೇ ಇಲ್ಲ, ಗ್ರೂಪಿನ ಸಂದೇಶಗಳನ್ನು ಬ್ಲಾಕ್ ತಡೆಯುವುದಿಲ್ಲ.

ಎಸ್ಸೆಮ್ಮೆಸ್ ವಿಷಯದಲ್ಲಿ ಇದೇ ಲೆಕ್ಕ ಹಿಡಿಯಬೇಡಿ. ಆಂಡ್ರಾಯ್ಡ್‌ನ ಗೂಗಲ್ ಮೆಸೇಜಸ್‌ನಲ್ಲಿ ಬ್ಲಾಕ್ ಮಾಡಿದ ನಂಬರಿನ ಎಸ್ಸೆಮ್ಮೆಸ್ ಫೋನಿಗೆ ಬಂದು, ಸದ್ದಿಲ್ಲದೆ Spam & blocked ಎಂಬಲ್ಲಿ ಕೂರುತ್ತದೆ. ಬ್ಲಾಕ್ ತೆಗೆಯುವ ಮೊದಲೇ ಅಲ್ಲಿ ಒಮ್ಮೆ ನೋಡಿಕೊಳ್ಳಿ.