ನೂರಕ್ಕೆ ಎರಡು ಅಂದ್ರೆ ಎಷ್ಟು? ಪೀರ್ ಟು ಪೀರ್ ಸಾಲದ ನಿಜವಾದ ಲೆಕ್ಕ

ಹೋದ ಜುಲೈನಲ್ಲಿ, ರಿಟರ್ನ್ ಹಾಕುವ ಗದ್ದಲದ ನಡುವೆ, ಶಹಾಬಾದಿನಿಂದ ಒಬ್ಬ ಹೈಸ್ಕೂಲ್ ಟೀಚರ್ ಕಲಬುರಗಿಯ ನನ್ನ ಆಫೀಸಿಗೆ ಬಂದರು. ಮೊಬೈಲ್ ನನ್ನ ಕಡೆ ತಿರುಗಿಸಿ ಇಟ್ಟರು.

"ಸರ್, ಎರಡು ಲಕ್ಷ ಹಾಕಿದ್ದೆನ್ರಿ. ಇಪ್ಪತ್ನಾಲ್ಕು ಪರ್ಸೆಂಟ್ ಅಂತ ಇತ್ತು. ನಲವತ್ತೆಂಟು ಸಾವಿರ ಬರಬೇಕಿತ್ತಲ್ರಿ? ಬಂದದ್ದು ಏಳೂವರೆ ಸಾವಿರ."

ಅವರು ಹಣ ಹಾಕಿದ್ದು ಒಂದು ಪೀರ್ ಟು ಪೀರ್ ಆ್ಯಪ್‌ನಲ್ಲಿ. ಅಲ್ಲಿ ಬ್ಯಾಂಕ್ ಮಧ್ಯದಲ್ಲಿ ಇರುವುದಿಲ್ಲ. ನಿಮ್ಮ ಹಣ ನೇರವಾಗಿ ಇನ್ನೊಬ್ಬರಿಗೆ ಸಾಲವಾಗಿ ಹೋಗುತ್ತದೆ, ಆ್ಯಪ್ ಇಬ್ಬರನ್ನು ಸೇರಿಸಿ ತನ್ನ ಫೀ ತಗೊಳ್ಳುತ್ತದೆ. ಇದಕ್ಕೆ ರಿಸರ್ವ್ ಬ್ಯಾಂಕ್ 2017ರಲ್ಲಿ ನಿಯಮ ಮಾಡಿದೆ. ಎಲ್ಲಾ ಆ್ಯಪ್ ಸೇರಿ ಒಬ್ಬರು 50 ಲಕ್ಷದ ತನಕ ಕೊಡಬಹುದು. ಸಾಲ ತಗೊಳ್ಳುವವರಿಗೆ ಮಿತಿ 10 ಲಕ್ಷ. ಒಬ್ಬರು ಅದೇ ಒಬ್ಬ ವ್ಯಕ್ತಿಗೆ 50,000ಕ್ಕಿಂತ ಜಾಸ್ತಿ ಕೊಡುವಂತಿಲ್ಲ, ಅವಧಿ 36 ತಿಂಗಳು ದಾಟುವಂತಿಲ್ಲ.

ಟೀಚರ್‌ಗೆ ಮೋಸ ಆಗಿರಲಿಲ್ಲ. ಲೆಕ್ಕ ತಪ್ಪಿತ್ತು, ಅದೂ ನಮ್ಮೂರಿನ ಅಭ್ಯಾಸದಿಂದ. ನಮ್ಮಲ್ಲಿ ಕೈಸಾಲ ಅಂದರೆ ನೂರಕ್ಕೆ ಎರಡು, ನೂರಕ್ಕೆ ಮೂರು. ಅಸಲು ಹಾಗೇ ಇರುತ್ತದೆ, ತಿಂಗಳು ತಿಂಗಳು ಬಡ್ಡಿ ಮಾತ್ರ ಬರುತ್ತದೆ. ಎರಡು ಲಕ್ಷಕ್ಕೆ ತಿಂಗಳಿಗೆ ನಾಲ್ಕು ಸಾವಿರ, ವರ್ಷಕ್ಕೆ ನಲವತ್ತೆಂಟು. ಆ್ಯಪ್‌ನಲ್ಲಿ ಹಾಗಲ್ಲ. ಅಲ್ಲಿ ಬರುವುದು ಕಂತು, ಪ್ರತಿ ಕಂತಿನಲ್ಲೂ ಅಸಲಿನ ಒಂದು ತುಂಡು ವಾಪಸ್ ಬರುತ್ತದೆ, ಮುಂದಿನ ತಿಂಗಳು ಬಡ್ಡಿ ಉಳಿದ ಅಸಲಿಗೆ ಮಾತ್ರ.

ಒಂದು ಹಾಳೆ ತಗೊಂಡು ಅವರ ಎದುರಿಗೇ ಬರೆದೆ. 40 ಜನರಿಗೆ ತಲಾ 5,000, 12 ತಿಂಗಳು, ಎಲ್ಲರಿಗೂ ಒಂದೇ ದರ. ಒಬ್ಬರ ಕಂತು ಸುಮಾರು 473 ರೂಪಾಯಿ. 12 ಕಂತು ಸೇರಿದರೆ 5,674. ಅಂದರೆ ಒಬ್ಬರಿಂದ ವರ್ಷಕ್ಕೆ ಬಡ್ಡಿ 674, ನಲವತ್ತೂ ಜನ ಒಂದು ಕಂತೂ ತಪ್ಪದೆ ಕಟ್ಟಿದರೂ ಹೆಚ್ಚೆಂದರೆ 27,000. ನಲವತ್ತೆಂಟು ಸಾವಿರ ಮೊದಲ ದಿನದಿಂದಲೂ ಅಲ್ಲಿ ಇರಲೇ ಇಲ್ಲ. ತಿಂಗಳು ತಿಂಗಳು ವಾಪಸ್ ಬಂದ ಅಸಲನ್ನು ಮತ್ತೆ ಸಾಲ ಕೊಡುತ್ತಾ ಹೋದರೆ ಮಾತ್ರ ಆ ದರದ ಹತ್ತಿರ ಹೋಗಬಹುದು, ಆದರೆ ಆಗ ಹಣವೂ ಹೊರಗೇ ಇರುತ್ತದೆ, ರಿಸ್ಕೂ ಹೊರಗೇ ಇರುತ್ತದೆ.

ಹಾಗಾದರೆ 27,000 ಏಳೂವರೆಗೆ ಇಳಿದದ್ದು ಹೇಗೆ? ನಲವತ್ತರಲ್ಲಿ ನಾಲ್ಕು ಜನ ಮೂರು ಕಂತು ಕಟ್ಟಿ ನಿಲ್ಲಿಸಿದ್ದರು, ಅಷ್ಟೇ. ಮೂರು ಕಂತು ಆದ ಮೇಲೂ ಒಬ್ಬೊಬ್ಬರಲ್ಲಿ 3,859 ರೂಪಾಯಿ ಅಸಲು ಉಳಿದಿರುತ್ತದೆ, ನಾಲ್ವರದ್ದು ಸೇರಿ 15,436. ಬಂದ ಒಟ್ಟು ಬಡ್ಡಿ 25,400, ಅದರಲ್ಲಿ ಈ ನಷ್ಟ ಕಳೆದರೆ ಹತ್ತು ಸಾವಿರಕ್ಕೆ ಸ್ವಲ್ಪ ಕಡಿಮೆ. ಆ್ಯಪ್‌ನ ಫೀ ಅಸಲಿನ ಮೇಲೆ ಒಂದು ಪರ್ಸೆಂಟ್, ಜಿಎಸ್‌ಟಿ ಸೇರಿ 2,360. ಸಾಲ ವಾಪಸ್ ಬರಲಿ ಬಿಡಲಿ, ಆ ಫೀ ಕೊಡಲೇಬೇಕು. ಉಳಿದದ್ದು ಏಳೂವರೆ ಸಾವಿರ.

"ಟ್ಯಾಕ್ಸ್ ಏಳೂವರೆಗೆ ಕಟ್ಟಿದರಾಯ್ತಲ್ರಿ?" ಅಂದರು. ಇಲ್ಲ. ನನಗೆ ಜನರಿಗೆ ಹೇಳಲು ಬಹಳ ಕಷ್ಟ ಆಗುವ ಮಾತು ಇದೇ. ಬಂದ ಬಡ್ಡಿಯೆಲ್ಲಾ ಇತರೆ ಮೂಲದ ಆದಾಯ. ಮುಳುಗಿದ ಅಸಲನ್ನು ಅದರಲ್ಲಿ ಕಳೆಯಲು, ಸಾಲ ಕೊಡುವುದೇ ಕಸುಬಲ್ಲದ ಸಂಬಳದಾರರಿಗೆ ಅವಕಾಶವಿಲ್ಲ. ಮನೆ ಸಾಲ ಇದ್ದುದರಿಂದ ಟೀಚರ್ ಹಳೆ ತೆರಿಗೆ ಪದ್ಧತಿಯಲ್ಲಿದ್ದರು, 20 ಪರ್ಸೆಂಟ್ ಸ್ಲ್ಯಾಬ್. 25,400ರ ಮೇಲೆ ಸೆಸ್ ಸೇರಿ 5,300 ತೆರಿಗೆ. ಕೈಯಲ್ಲಿ ನಿಂತದ್ದು 2,300ರ ಹತ್ತಿರ. ಅವರ ಹಣದಲ್ಲಿ ವರ್ಷಪೂರ್ತಿ ಸರಾಸರಿ ಹೊರಗಿದ್ದದ್ದು, ನಿಂತುಹೋದ ಅಸಲೂ ಸೇರಿ, 1.17 ಲಕ್ಷ. ಅದೇ ಹಣ ಏಳು ಪರ್ಸೆಂಟಿನ ಎಫ್‌ಡಿಯಲ್ಲಿ ಇದ್ದಿದ್ದರೆ ತೆರಿಗೆ ಹೋಗಿ ಆರೂವರೆ ಸಾವಿರ ಸಿಗುತ್ತಿತ್ತು.

ಎಫ್‌ಡಿಗೆ ಐದು ಲಕ್ಷದ ತನಕ ವಿಮೆಯೂ ಇದೆ. ಇಲ್ಲಿ ಅದಿಲ್ಲ. ಸಾಲಕ್ಕೆ ಅಡಮಾನವಿಲ್ಲ, ಆ್ಯಪ್ ಗ್ಯಾರಂಟಿ ಕೊಡುವಂತೆಯೇ ಇಲ್ಲ, ಅದು ನಿಯಮ. ಕೆಲವು ಕಡೆ "ಯಾವಾಗ ಬೇಕಾದ್ರೂ ಹಣ ತೆಗೀಬಹುದು" ಅಂತ ಹೇಳಿ ಒಬ್ಬರ ಹಣ ತೆಗೆದು ಇನ್ನೊಬ್ಬರಿಗೆ ಕೊಡುವ ವ್ಯವಸ್ಥೆ ನಡೆದಿತ್ತು. 2024ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಅದನ್ನು ನಿಲ್ಲಿಸಿತು. ಈಗಲೂ ಯಾರಾದರೂ ಹಾಗೆ ಹೇಳಿದರೆ, ಅಥವಾ ಖಚಿತ ರಿಟರ್ನ್ ಅಂದರೆ, ಅಲ್ಲಿಂದ ಎದ್ದು ಬನ್ನಿ. ಹಣ ಹೋಗಬೇಕಾದದ್ದು ಬ್ಯಾಂಕಿನ ಎಸ್ಕ್ರೋ ಖಾತೆಗೆ, ಅಂದರೆ ಈ ಸಾಲದ ಹಣಕ್ಕೆಂದೇ ಇರುವ ಬೇರೆ ಖಾತೆಗೆ, ಯಾರದೋ ಯುಪಿಐ ನಂಬರಿಗೆ ಅಲ್ಲ.

ಎಷ್ಟು ಜನ ಕಟ್ಟಿಲ್ಲ ಅನ್ನುವುದನ್ನು ಆ್ಯಪ್ ತನ್ನ ವೆಬ್‌ಸೈಟಿನಲ್ಲಿ ಹಾಕಲೇಬೇಕು. ಅದನ್ನು ನೋಡುವಾಗ ಒಂದು ಎಚ್ಚರ ಇರಲಿ. ಸಾಲ 90 ದಿನ ಬಾಕಿ ಬಿದ್ದ ಮೇಲಷ್ಟೇ ಕೆಟ್ಟ ಸಾಲದ ಲೆಕ್ಕಕ್ಕೆ ಬರುತ್ತದೆ. ಹೊಸದಾಗಿ ತುಂಬಾ ಸಾಲ ಕೊಟ್ಟಿರುವ ಆ್ಯಪ್‌ನಲ್ಲಿ ಆ ಅಂಕಿ ಸಹಜವಾಗಿಯೇ ಸಣ್ಣದು, ಯಾಕಂದ್ರೆ ಸಾಲಗಳಿಗೆ ಇನ್ನೂ ವಯಸ್ಸೇ ಆಗಿಲ್ಲ. ಒಂದು ವರ್ಷದ ಹಿಂದೆ ಕೊಟ್ಟ ಸಾಲಗಳಲ್ಲಿ ಎಷ್ಟು ಮುಳುಗಿದವು ಅಂತ ಕೇಳಿ. ಉತ್ತರ ಸಿಗದಿದ್ದರೆ ಹಾಕಬೇಡಿ.

ಇನ್ನು ಸಾಲ ತಗೊಳ್ಳುವವರ ಕಡೆ. ಸೂಪರ್ ಮಾರ್ಕೆಟ್ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇರುವ ಒಬ್ಬ ಹುಡುಗ 50,000 ಬೇಕು ಅಂತ ಆ್ಯಪ್‌ನ ಒಪ್ಪಂದ ತೋರಿಸಲು ಬಂದಿದ್ದ. ದರ ಅದೇ 24. ಕಂತು 4,728. ಪ್ರೊಸೆಸಿಂಗ್ ಫೀ ನಾಲ್ಕು ಪರ್ಸೆಂಟ್, ಜಿಎಸ್‌ಟಿ ಸೇರಿ 2,360 ಮೊದಲೇ ಹಿಡಿದು ಕೈಗೆ ಬರುವುದು 47,640. ಕಂತು ಮಾತ್ರ ಐವತ್ತು ಸಾವಿರದ್ದು. ಲೆಕ್ಕ ಹಾಕಿದರೆ ನಿಜವಾದ ದರ ತಿಂಗಳಿಗೆ 2.8, ವರ್ಷಕ್ಕೆ ಮೂವತ್ಮೂರು ದಾಟುತ್ತದೆ. ನೂರಕ್ಕೆ ಮೂರರ ಕೈಸಾಲಕ್ಕಿಂತ ಸ್ವಲ್ಪ ಅಗ್ಗ, ಅಷ್ಟೇ. ಅವನಿಗೆ ದಿನಾ ಗಲ್ಲಾಕ್ಕೆ ಹಣ ಬರುತ್ತದೆ. ಸರಿಯಾಗಿ ಕಟ್ಟಿದರೆ ಸಿಬಿಲ್‌ನಲ್ಲಿ ಒಳ್ಳೆಯ ದಾಖಲೆ ಸೇರುತ್ತದೆ, ಕೈಸಾಲದಲ್ಲಿ ಅದು ಸಿಗುವುದಿಲ್ಲ. ತಗೋ ಅಂದೆ.

ಅವನ ಕಾಕಾ ಚಿತ್ತಾಪುರದ ಕಡೆಯ ರೈತರು, ಜೊತೆಗೆ ಬಂದಿದ್ದರು. "ನನಗೂ ಒಂದು ಮಾಡಿಸ್ರಿ" ಅಂದರು. ಬೇಡ ಅಂದೆ. ತೊಗರಿ ಬಿತ್ತುವುದು ಜೂನ್, ಜುಲೈನಲ್ಲಿ. ರಾಶಿ ಆಗಿ ಹಣ ಬರುವುದು ಡಿಸೆಂಬರ್ ಕಳೆದ ಮೇಲೆ. ಕಂತು ಮಾತ್ರ ಬಿತ್ತಿದ ಮರುತಿಂಗಳೇ ಶುರು. ಮಳೆ ಚೆನ್ನಾಗಿ ಆಗಿ, ಬೆಳೆ ಹೊಲದಲ್ಲಿ ಎದೆಯೆತ್ತರ ನಿಂತಿದ್ದರೂ ಆರು ಕಂತು ಬೇರೆಲ್ಲಿಂದಲೋ ತರಬೇಕು. ಮೂರು ತಪ್ಪಿದರೆ ಸಿಬಿಲ್ ಕೆಡುತ್ತದೆ, ಆಮೇಲೆ ಟ್ರ್ಯಾಕ್ಟರ್ ಸಾಲಕ್ಕೆ ಹೋದಾಗ ಬ್ಯಾಂಕಿನವರು ಅದನ್ನೇ ತೋರಿಸುತ್ತಾರೆ. ಸೊಸೈಟಿಯ ಬೆಳೆ ಸಾಲವನ್ನು ರಾಶಿಯಾದ ಮೇಲೆ ತೀರಿಸಬಹುದು, ಮೊದಲು ಅಲ್ಲಿ ಕೇಳಿ ಅಂದೆ.

ಟೀಚರ್ ಹಾಳೆಯನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡರು. ವಾಪಸ್ ಬಂದ ಹಣದಲ್ಲಿ ಇಪ್ಪತ್ತು ಸಾವಿರ ಮಾತ್ರ ಮತ್ತೆ ಹಾಕಿದ್ದಾರೆ, ಒಬ್ಬೊಬ್ಬರಿಗೆ ಐದುನೂರರಂತೆ, ಪ್ರತಿ ಸಾಲಗಾರರ ವಿವರ ಓದಿ ಒಪ್ಪಿಗೆ ಕೊಟ್ಟು. ನಿಲ್ಲಿಸಿದ್ದ ನಾಲ್ವರಲ್ಲಿ ಒಬ್ಬರು ಹೋದ ತಿಂಗಳು ಒಂದು ಕಂತು ಕಟ್ಟಿದ್ದಾರಂತೆ, ಫೋನ್ ಮಾಡಿ ಹೇಳಿದರು.