ಮಾಡ್ಯೂಲ್ 3, ಹಲ್ಲು 20: ವರ್ನಿಯರ್‌ನಲ್ಲಿ ಎಷ್ಟು ಬರಬೇಕು?

ಗದಗದ ಓದುಗರೊಬ್ಬರು ಕೇಳಿದ್ದಾರೆ: “ಅಣ್ಣಾರ, ಮಾಡ್ಯೂಲ್ 3, 20 ಹಲ್ಲಿನ ಸ್ಪರ್ ಗೇರ್ ಕಟ್ ಮಾಡಾಕತ್ತೀನಿ. ಹಲ್ಲಿನ ದಪ್ಪ ಎಷ್ಟ ಇಡ್ಬೇಕು, ಬ್ಯಾಕ್‌ಲ್ಯಾಶ್‌ಗೆ ಎಷ್ಟ ಬಿಡ್ಬೇಕು?”

ಪಿಚ್ ಸರ್ಕಲ್ ಗುಂಟ ಅಳೆದರೆ ಹಲ್ಲಿನ ದಪ್ಪ πm/2, ಅಂದ್ರೆ 4.712 ಮಿ.ಮೀ. ಆದರೆ ಗೇರ್ ಟೂತ್ ವರ್ನಿಯರ್ ಹಲ್ಲನ್ನು ಅಡ್ಡಲಾಗಿ ನೇರಕ್ಕೆ ಹಿಡಿಯುತ್ತದೆ, ಬಾಗಿ ಅಳೆಯೋದಿಲ್ಲ. ಅದಕ್ಕೇ ಬೇರೆ ಲೆಕ್ಕ:

```
s = m·z·sin(90°/z)
h = m + (m·z/2)·(1 − cos(90°/z))
```

ಇಲ್ಲಿ s ಅಂದ್ರೆ ಕಾರ್ಡಲ್ ದಪ್ಪ, h ಅಂದ್ರೆ ಹಲ್ಲಿನ ತುದಿಯಿಂದ ಎಷ್ಟು ಕೆಳಗೆ ಅಳೆಯಬೇಕು ಅನ್ನೋದು. 90 ಭಾಗಿಸು 20 ಅಂದ್ರೆ 4.5 ಡಿಗ್ರಿ. s = 60 × 0.07846 = 4.708. h = 3 + 30 × 0.00308 = 3.092. (ಉತ್ತರ ಮೈನಸ್ ಬಂದರೆ ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿದೆ ಅಂತ ತಿಳ್ಕೊಳ್ಳಿ.) ಇದು ಪ್ರೊಫೈಲ್ ಶಿಫ್ಟ್ ಇಲ್ಲದ ಸಾಮಾನ್ಯ ಗೇರ್‌ಗೆ ಮಾತ್ರ.

ಬ್ಯಾಕ್‌ಲ್ಯಾಶ್‌ಗೆ ನಾನು ಸಾಧಾರಣ ಕೆಲಸಕ್ಕೆ ಮಾಡ್ಯೂಲ್‌ನ 0.04 ಪಾಲು ಹಿಡೀತೀನಿ, ಇಲ್ಲಿ 0.12. ಅದು ಇಡೀ ಜೋಡಿಗೆ. ಎರಡೂ ಗೇರ್ ನೀವೇ ಮಾಡ್ತಿದ್ದರೆ ಒಂದೊಂದರಲ್ಲಿ 0.06 ಕಳೆಯಿರಿ, ಆಗ ನಿಮ್ಮ ಗುರಿ 4.65. ಪಿನಿಯನ್ ತೀರಾ ಚಿಕ್ಕದಾಗಿದ್ದರೆ ಅದರ ಹಲ್ಲನ್ನು ಸವರಬೇಡಿ, ಪೂರ್ತಿ 0.12 ದೊಡ್ಡ ಗೇರ್‌ನಿಂದಲೇ ತೆಗೆಯಿರಿ.

ಇಷ್ಟು ಲೆಕ್ಕ ಯಾರಾದ್ರೂ ಮಾಡ್ತಾರೆ. ಕೆಡೋದು ಬ್ಲಾಂಕ್‌ನಲ್ಲಿ. ಹುಬ್ಬಳ್ಳಿ ಗೋಕುಲ ರಸ್ತೆಯ ಒಂದು ವರ್ಕ್‌ಶಾಪ್‌ನಲ್ಲಿದ್ದಾಗ, ಬ್ಯಾಡಗಿಯ ಮೆಣಸಿನಕಾಯಿ ಕುಟ್ಟುವ ಮಷೀನಿಗೆ ಇದೇ ಅಳತೆಯ ಗೇರ್ ಮಾಡಿದ್ದೆ. ಹೊರ ವ್ಯಾಸ 66 ಇರಬೇಕಿತ್ತು, ಬ್ಲಾಂಕ್ 65.80 ಆಗಿ ಬಂದಿತ್ತು, ನಾನು ಅಳೆದು ನೋಡದೆ ವರ್ನಿಯರ್ 3.09ಕ್ಕೆ ಇಟ್ಟೆ. ವರ್ನಿಯರ್ ಕೂರೋದು ಹಲ್ಲಿನ ತುದಿ ಮೇಲೆ, ಅಲ್ವಾ? ತುದಿ 0.10 ಕೆಳಗಿತ್ತು, ಹಾಗಾಗಿ ಅದು 0.10 ಕೆಳಗೆ, ಹಲ್ಲು ಅಗಲ ಇರೋ ಕಡೆ ಹಿಡಿಯಿತು. ಸುಮಾರು 0.07 ಜಾಸ್ತಿ ತೋರಿಸಿತು, ನಾನು ಅಷ್ಟನ್ನೂ ಕಟ್ ಮಾಡಿಬಿಟ್ಟೆ. ಬಿಡಬೇಕಾದ 0.06ಕ್ಕಿಂತ ತಪ್ಪೇ ದೊಡ್ಡದಾಯಿತು! ಲೋಡ್ ತಿರುಗಿದಾಗಲೆಲ್ಲ ಕಟಕಟ ಸದ್ದು. ಹಾಗಾಗಿ ಮೊದಲು ಬ್ಲಾಂಕ್ ಅಳೆಯಿರಿ, ವ್ಯಾಸದಲ್ಲಿ ಕಡಿಮೆ ಇರುವುದರ ಅರ್ಧವನ್ನು h ನಿಂದ ಕಳೆಯಿರಿ. ಅವತ್ತು ನಾನು 2.99 ಇಡಬೇಕಿತ್ತು. ಹಲ್ಲಿನ ತುದಿಯ ಬರ್ ಕೂಡ ತೆಗೆದೇ ಅಳೆಯಿರಿ.

ಕೊನೇ ಕಟ್‌ಗೆ ಒಂದು ಸುಲಭ ಲೆಕ್ಕ. 20 ಡಿಗ್ರಿ ಪ್ರೆಷರ್ ಆಂಗಲ್‌ನಲ್ಲಿ, ದಪ್ಪ ಎಷ್ಟು ಇಳಿಸಬೇಕೋ ಅದರ 1.37 ಪಟ್ಟು ಆಳ ಕೊಡಬೇಕು. ಈಗ 4.79 ತೋರಿಸ್ತಿದ್ದರೆ ಇನ್ನು 0.14 ಬಾಕಿ, ಟೇಬಲ್ 0.19 ಮೇಲೆತ್ತಿ.

ಜೋಡಿಸಿದ ಮೇಲೆ ಒಂದು ಗೇರ್ ಅಲ್ಲಾಡದಂತೆ ಹಿಡಿದು, ಇನ್ನೊಂದರ ಹಲ್ಲಿಗೆ ಪಿಚ್ ಸರ್ಕಲ್ ಹತ್ತಿರ ಡಯಲ್ ಹಚ್ಚಿ ಹಿಂದೆ ಮುಂದೆ ಆಡಿಸಿ. ನಾಲ್ಕು ಕಡೆ ತಿರುಗಿಸಿ ನೋಡಿ. ಒಂದು ಕಡೆ 0.05, ಇನ್ನೊಂದು ಕಡೆ 0.19 ಬಂದರೆ ದಪ್ಪದ ಲೆಕ್ಕ ಸರಿ ಇದೆ, ಬೋರ್ ಮಧ್ಯಕ್ಕೆ ಬಂದಿಲ್ಲ.